ಸರದ ಕೊಂಡಿ ಮೇಲಿನ ಮುದ್ರೆ ಯಾರ ಹೆಸರು ಹೇಳುತ್ತದೆ?

ದಾವಣಗೆರೆಯಲ್ಲಿ ಮದುವೆ ಸೀಸನ್ ಶುರುವಾದರೆ ಒಡವೆಗಿಂತ ಮೊದಲು ಒಡವೆಯ ಫೋಟೋ ಊರೆಲ್ಲ ಓಡಾಡುತ್ತದೆ. ಮಂಡಿಪೇಟೆ ಕಡೆಯ ಅಂಗಡಿಯಿಂದ ಸರ ಮನೆಗೆ ಬರುವ ಹೊತ್ತಿಗೆ ಅದರ ಕೊಂಡಿಯ ಫೋಟೋ ಸೊಸೆಯ ತವರಿನ ವಾಟ್ಸಾಪ್ ಗುಂಪಿಗೆ ತಲುಪಿರುತ್ತದೆ. ಯಾರೋ ಅದನ್ನು ದೊಡ್ಡದು ಮಾಡಿ ನೋಡುತ್ತಾರೆ. ಕೊಂಡಿ ಮೇಲಿನ ಆರು ಅಕ್ಷರವನ್ನು ಕೇಂದ್ರ ಸರ್ಕಾರದ ಗುಣಮಟ್ಟ ಸಂಸ್ಥೆಯಾದ ಬಿಐಎಸ್‌ನ ಕೇರ್ ಆ್ಯಪ್‌ನಲ್ಲಿ ಹಾಕುತ್ತಾರೆ. ಅಲ್ಲಿ ಬರುವ ಹೆಸರು ದಾವಣಗೆರೆಯ ಅಂಗಡಿಯದ್ದಲ್ಲ, ಬೇರೆ ಯಾವುದೋ ಊರಿನ ಜ್ಯುವೆಲರ್‌ದು. ಕೂಡಲೇ ಒಂದೇ ಮಾತು: "ಮೋಸ ಆಗಿದೆ, ಹೋಗಿ ಕೇಳಿ."

ಬಹಳ ಸಲ ಅಲ್ಲಿ ಮೋಸ ಆಗಿರುವುದಿಲ್ಲ. ಇನ್ನು ಕೆಲವು ಸಲ ಹೆಸರು, ಶುದ್ಧತೆ ಎಲ್ಲ ಸರಿ ಕಂಡರೂ ಮೋಸ ಆಗಿರುತ್ತದೆ. 2025ರ ಜುಲೈನಲ್ಲಿ 9 ಕ್ಯಾರೆಟ್ ಚಿನ್ನಕ್ಕೂ ಹಾಲ್‌ಮಾರ್ಕ್ ಬಂದ ಮೇಲೆ ಗೊಂದಲ ಇನ್ನೂ ಜಾಸ್ತಿಯಾಗಿದೆ. 375 ಅಂತ ಬರೆದದ್ದೂ ಹಾಲ್‌ಮಾರ್ಕ್, 916 ಅಂತ ಬರೆದದ್ದೂ ಹಾಲ್‌ಮಾರ್ಕ್. ಹಾಗಾದರೆ ಈ ಮುದ್ರೆ ಏನು ಹೇಳುತ್ತದೆ? ಮುಖ್ಯವಾಗಿ, ಒಡವೆ ಮಾಡಿದವರ ಬಗ್ಗೆ ಏನು ಹೇಳುತ್ತದೆ?

ಫೋಟೋದಲ್ಲಿ ಕಾಣಬೇಕಾದ್ದು ಮೂರೇ ಗುರುತು

2021ರ ಜುಲೈ 1ರಿಂದ ಹೊಸ ಒಡವೆ ಮೇಲೆ ಮೂರು ಗುರುತು ಇರುತ್ತವೆ. ಮೊದಲನೆಯದು ಬಿಐಎಸ್‌ನ ತ್ರಿಕೋನ ಆಕಾರದ ಚಿಹ್ನೆ. ಎರಡನೆಯದು ಶುದ್ಧತೆ. ಮೂರನೆಯದು ಎಚ್‌ಯುಐಡಿ ಅನ್ನುವ ಆರು ಅಕ್ಷರಗಳ ಗುರುತು. ಅದರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಎರಡೂ ಬೆರೆತಿರುತ್ತವೆ.

ಶುದ್ಧತೆಯ ಲೆಕ್ಕ ಸುಲಭ. 24 ಭಾಗದಲ್ಲಿ 22 ಭಾಗ ಚಿನ್ನ ಇದ್ದರೆ ಸಾವಿರಕ್ಕೆ 916 ಭಾಗ ಆಗುತ್ತದೆ. ಅದನ್ನೇ 22K916 ಅಂತ ಬರೆಯುತ್ತಾರೆ. ಅಂದರೆ 10 ಗ್ರಾಂ ಬಳೆಯಲ್ಲಿ 9.16 ಗ್ರಾಂ ಅಪ್ಪಟ ಚಿನ್ನ. ಉಳಿದದ್ದು ತಾಮ್ರ, ಬೆಳ್ಳಿಯಂಥ ಬೆರಕೆ. 18K750 ಆದರೆ 7.5 ಗ್ರಾಂ. ಹೊಸದಾಗಿ ಸೇರಿದ 9K375 ಆದರೆ ಬರೀ 3.75 ಗ್ರಾಂ. ಹಾಲ್‌ಮಾರ್ಕ್ ಇದೆ ಅಂದರೆ ಚಿನ್ನ ಜಾಸ್ತಿ ಇದೆ ಅಂತ ಅರ್ಥವಲ್ಲ. ಬರೆದಷ್ಟು ಇದೆ ಅಂತ ಅರ್ಥ. ಹಾಗಾಗಿ ತ್ರಿಕೋನ ನೋಡಿದ ಕಣ್ಣು ಪಕ್ಕದ ಅಂಕಿಯನ್ನೂ ನೋಡಲೇಬೇಕು.

ಈ ಮೂರು ಗುರುತಿನಲ್ಲಿ ಅಂಗಡಿಯ ಹೆಸರೂ ಇಲ್ಲ, ಒಡವೆ ಮಾಡಿದ ಅಕ್ಕಸಾಲಿಗರ ಹೆಸರೂ ಇಲ್ಲ. ಎಚ್‌ಯುಐಡಿಯ ಅಕ್ಷರಗಳಲ್ಲಿ ಅಂಗಡಿಯ ಇನಿಷಿಯಲ್ ಅಡಗಿದೆ ಅಂತ ಕೆಲವರು ಹುಡುಕುತ್ತಾರೆ. ಅಲ್ಲಿ ಅಂಥದ್ದೇನೂ ಇಲ್ಲ. ಕಂಪ್ಯೂಟರ್ ಸುಮ್ನೆ ಆರಿಸಿ ಕೊಟ್ಟ ಅಕ್ಷರಗಳು ಅವು. ಅವು ಒಂದು ಬೀಗದ ಕೈ ಇದ್ದಹಾಗೆ. ಬೀಗ ಇರುವುದು ಬಿಐಎಸ್‌ನ ದಾಖಲೆಯಲ್ಲಿ.

ಆ ಆರು ಅಕ್ಷರ ಫೋಟೋದಲ್ಲಿ ಸರಿಯಾಗಿ ಓದುವುದೇ ಒಂದು ಕೆಲಸ. ಲೇಸರ್‌ನಲ್ಲಿ ಕೊರೆದ ಗೆರೆ ತೀರಾ ತೆಳು. ನೇರ ಬೆಳಕಿನಲ್ಲಿ ಚಿನ್ನದ ಹೊಳಪು ಅದನ್ನು ನುಂಗಿಬಿಡುತ್ತದೆ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಹಿಡಿದು, ಭೂತಗನ್ನಡಿಯ ಮೂಲಕ ಫೋಟೋ ತೆಗೆದರೆ ಅಕ್ಷರ ಎದ್ದು ಕಾಣುತ್ತದೆ. ಆಗಲೂ 8 ಮತ್ತು B, 0 ಮತ್ತು O, 5 ಮತ್ತು S ಒಂದೇ ಥರ ಕಾಣುತ್ತವೆ. ಆ್ಯಪ್‌ನಲ್ಲಿ ದಾಖಲೆ ಸಿಗಲಿಲ್ಲ ಅಂದ ತಕ್ಷಣ ನಕಲಿ ಅಂತ ತೀರ್ಮಾನ ಮಾಡುವ ಮೊದಲು ಈ ಜೋಡಿಗಳನ್ನು ಅದಲು ಬದಲು ಮಾಡಿ ನೋಡಬೇಕು.

ಆ್ಯಪ್‌ನಲ್ಲಿ ಬರುವ ಇನ್ನೊಬ್ಬರು ಯಾರು?

ಒಂದು ಉದಾಹರಣೆ ತಗೊಳ್ಳೋಣ. ದಾವಣಗೆರೆಯ ಒಂದು ಮನೆಯವರು 20 ಗ್ರಾಂ ಸರ ಕೊಂಡರು. ಬಿಲ್ ಇಲ್ಲಿನ ಅಂಗಡಿಯದ್ದು. ಆ್ಯಪ್ ತೆರೆದು Verify HUID ಅನ್ನುವಲ್ಲಿ ಆರು ಅಕ್ಷರ ಹಾಕಿದರು. ಜ್ಯುವೆಲರ್‌ನ ಹೆಸರು, ನೋಂದಣಿ ಸಂಖ್ಯೆ, ಪರೀಕ್ಷೆ ಮಾಡಿದ ಹಾಲ್‌ಮಾರ್ಕ್ ಕೇಂದ್ರದ ವಿವರ, ಒಡವೆ ಯಾವ ಬಗೆಯದ್ದು, ಶುದ್ಧತೆ ಎಷ್ಟು ಅನ್ನುವುದು ಬಂತು. ಶುದ್ಧತೆ 22 ಕ್ಯಾರೆಟ್ ಅಂತ ಸರಿಯಾಗೇ ಇದೆ. ಬಗೆ ಸರ ಅಂತಲೇ ಇದೆ. ಆದರೆ ಜ್ಯುವೆಲರ್ ಮಾತ್ರ ಬೆಂಗಳೂರಿನವರು.

ಇದಕ್ಕೆ ಕಾರಣ ನಿಯಮದಲ್ಲೇ ಇದೆ. ಹಾಲ್‌ಮಾರ್ಕ್ ಆಗಬೇಕಾದ್ದು ಒಡವೆ ಮೊದಲ ಸಲ ಮಾರಾಟವಾಗುವ ಹಂತದಲ್ಲಿ. ಆ ಹಂತದಲ್ಲಿ ಇರುವವರು ತಯಾರಕರಾಗಿರಬಹುದು, ಹೋಲ್‌ಸೇಲ್ ವ್ಯಾಪಾರಿ ಆಗಿರಬಹುದು, ನಮ್ಮ ಊರಿನ ಅಂಗಡಿಯವರೇ ಆಗಿರಬಹುದು. ಬೆಂಗಳೂರಿನ ಹೋಲ್‌ಸೇಲ್ ವ್ಯಾಪಾರಿ ನೂರಾರು ಸರ ಮಾಡಿಸಿ, ತಮ್ಮ ನೋಂದಣಿಯಲ್ಲಿ ಹಾಲ್‌ಮಾರ್ಕ್ ಹಾಕಿಸಿ, ಆಮೇಲೆ ದಾವಣಗೆರೆ, ಚಿತ್ರದುರ್ಗ, ಹರಿಹರದ ಅಂಗಡಿಗಳಿಗೆ ಕೊಟ್ಟಿದ್ದರೆ ದಾಖಲೆಯಲ್ಲಿ ಅವರ ಹೆಸರೇ ಇರುತ್ತದೆ. ಇಲ್ಲಿನ ಅಂಗಡಿಯವರು ತಾವೇ ಮಾಡಿಸಿ ಕೇಂದ್ರಕ್ಕೆ ಕಳಿಸಿದ್ದರೆ ಅಂಗಡಿಯ ಹೆಸರು ಬರುತ್ತದೆ.

ಗಮನಿಸಬೇಕಾದ ಮಾತು ಇದು. ಎರಡೂ ಸಂದರ್ಭದಲ್ಲಿ ಕೂತು ಬೆಸುಗೆ ಹಾಕಿದ ಅಕ್ಕಸಾಲಿಗರ ಹೆಸರು ಎಲ್ಲೂ ಇಲ್ಲ. ಅವರು ದಾವಣಗೆರೆಯ ಹಳೇ ಪೇಟೆಯ ಸಣ್ಣ ಕೋಣೆಯಲ್ಲಿ ಕೂತ ಆಚಾರರೇ ಇರಬಹುದು, ಕೊಯಮತ್ತೂರಿನ ಕಾರ್ಖಾನೆಯ ಕೆಲಸಗಾರರೇ ಇರಬಹುದು. ಆ್ಯಪ್ ತೋರಿಸುವ ಹೆಸರು 'ಇದನ್ನು ಪರೀಕ್ಷೆಗೆ ಕೊಟ್ಟವನು ನಾನು, ಶುದ್ಧತೆಗೆ ಹೊಣೆ ನಾನು' ಅಂತ ಒಪ್ಪಿಕೊಂಡವರದ್ದು. ಅದನ್ನು 'ಮಾಡಿದವರು' ಅಂತ ಓದುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಹಾಗಾದರೆ ಆ ಮನೆಯವರು ಅಂಗಡಿಗೆ ಹೋಗಿ ಕೇಳಬಾರದಾ? ಖಂಡಿತ ಕೇಳಬೇಕು. ಆದರೆ ಕೇಳಬೇಕಾದ ಪ್ರಶ್ನೆ ಬೇರೆ. "ಇದು ಹೋಲ್‌ಸೇಲ್ ಮಾಲಾ? ಇವರೇ ಹಾಲ್‌ಮಾರ್ಕ್ ಮಾಡಿಸಿದ್ದಾ?" ಅಂತ ಕೇಳಬೇಕು. ಜೊತೆಗೆ ಬಿಲ್‌ನಲ್ಲಿ ಒಡವೆಯ ವಿವರ, ನಿವ್ವಳ ತೂಕ, ಕ್ಯಾರೆಟ್ ಮತ್ತು ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಬೇರೆ ಬೇರೆಯಾಗಿ ಬರೆದಿದೆಯಾ ಅಂತ ನೋಡಬೇಕು. ಆ ಸರ ಇಲ್ಲಿನ ಅಂಗಡಿಯಿಂದಲೇ ಬಂತು ಅನ್ನುವುದಕ್ಕೆ ಇರುವ ಸಾಕ್ಷಿ ಬಿಲ್ ಒಂದೇ. ಬಿಲ್ ಇಲ್ಲದೆ ಕೊಂಡವರಿಗೆ ಆ್ಯಪ್‌ನಲ್ಲಿರುವ ಹೆಸರು ದೂರದ ಊರಿನ ಅಪರಿಚಿತರದ್ದಾಗೇ ಉಳಿಯುತ್ತದೆ.

ಅಮ್ಮನ ಕಾಲದ ಒಡವೆಯಲ್ಲಿ ಜಾಸ್ತಿ ಗುರುತು ಏಕೆ?

ಬಿಐಎಸ್ ಚಿನ್ನಕ್ಕೆ ಹಾಲ್‌ಮಾರ್ಕ್ ಶುರು ಮಾಡಿದ್ದು 2000ದಲ್ಲಿ. ಆಗ ಅದು ಕಡ್ಡಾಯ ಆಗಿರಲಿಲ್ಲ. ಆ ಕಾಲದ ಬಳೆಯ ಒಳಬದಿಯಲ್ಲಿ ಐದು ಗುರುತು ಸಾಲಾಗಿ ಸಿಗುತ್ತವೆ: ತ್ರಿಕೋನ, 916, ಪರೀಕ್ಷಾ ಕೇಂದ್ರದ ಗುರುತು, ವರ್ಷದ ಅಕ್ಷರ, ಜ್ಯುವೆಲರ್‌ನ ಗುರುತು. ವರ್ಷದ ಅಕ್ಷರ A ಅಂದರೆ 2000, B ಅಂದರೆ 2001, J ಅಂದರೆ 2008. 2017ರಿಂದ ವರ್ಷದ ಅಕ್ಷರ ಕೈಬಿಟ್ಟರು, ನಾಲ್ಕು ಉಳಿದವು. 2021ರಲ್ಲಿ ಎಚ್‌ಯುಐಡಿ ಬಂದ ಮೇಲೆ ಜ್ಯುವೆಲರ್ ಗುರುತು ಮತ್ತು ಕೇಂದ್ರದ ಗುರುತು ಎರಡೂ ಒಡವೆಯ ಮೈಮೇಲಿಂದ ಹೋಗಿ ದಾಖಲೆಯೊಳಗೆ ಸೇರಿದವು.

ಇದರಿಂದ ಏನಾಯಿತು ನೋಡಿ. ಹಳೇ ಬಳೆಯ ಫೋಟೋ ಒಂದೇ ನೋಡಿ ಯಾವ ಅಂಗಡಿ, ಯಾವ ವರ್ಷ ಅಂತ ಅಂದಾಜು ಮಾಡಬಹುದಿತ್ತು. ಅಂಗಡಿಯ ಎರಡು ಮೂರು ಅಕ್ಷರದ ಗುರುತು ಊರವರಿಗೆ ಪರಿಚಯವಿರುತ್ತಿತ್ತು. ಆದರೆ ಆ ಗುರುತು ಆ ಅಂಗಡಿಯ ಎಲ್ಲಾ ಒಡವೆಯ ಮೇಲೂ ಒಂದೇ ಥರ ಇರುತ್ತಿತ್ತು. ಈ ಬಳೆಯೇ ಪರೀಕ್ಷೆಗೆ ಹೋಗಿತ್ತಾ ಅನ್ನುವುದಕ್ಕೆ ಅದರಿಂದ ಉತ್ತರ ಸಿಗುತ್ತಿರಲಿಲ್ಲ. ಎಚ್‌ಯುಐಡಿ ಒಂದೊಂದು ಒಡವೆಗೂ ಬೇರೆ. ಈಗ ಫೋಟೋ ನೋಡಿದ ಕಣ್ಣಿಗೆ ಕಡಿಮೆ ತಿಳಿಯುತ್ತದೆ, ಆ್ಯಪ್ ತೆರೆದವರಿಗೆ ಜಾಸ್ತಿ ತಿಳಿಯುತ್ತದೆ. ನನಗೆ ಈ ಬದಲಾವಣೆ ಒಟ್ಟಾರೆ ಒಳ್ಳೆಯದೇ ಅನ್ನಿಸುತ್ತದೆ. ಆದರೆ ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿಯ ಪಾಲಿಗೆ ಕಾಣುವ ಗುರುತೇ ಹೋಯಿತು ಅನ್ನುವುದೂ ನಿಜ.

2023ರ ಏಪ್ರಿಲ್ 1ರಿಂದ ಆರು ಅಕ್ಷರದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಈ ಸುದ್ದಿಯೇ 'ಹಳೇ ಮುದ್ರೆ ಇನ್ನು ನಡೆಯಲ್ಲ' ಅಂತ ತಿರುಗಿ ಮನೆಮನೆಗೆ ಬಂತು. ಅದು ತಪ್ಪು. ನಿಯಮ ಇರುವುದು ಮಾರುವ ಅಂಗಡಿಗೆ. ಮನೆಯಲ್ಲಿ ಮೊದಲೇ ಇರುವ ಹಳೇ ಹಾಲ್‌ಮಾರ್ಕ್ ಒಡವೆಗೆ ಆ ಮುದ್ರೆ ಈಗಲೂ ಚಾಲ್ತಿಯಲ್ಲೇ ಇದೆ. ಹಾಗೆಯೇ 2 ಗ್ರಾಂಗಿಂತ ಕಡಿಮೆ ತೂಕದ್ದಕ್ಕೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಮೂಗುಬೊಟ್ಟು, ತಾಳಿಯ ಸಣ್ಣ ಗುಂಡಿನ ಮೇಲೆ ಮುದ್ರೆ ಇಲ್ಲ ಅಂತ ಯಾರನ್ನೂ ಅನುಮಾನಿಸಬೇಕಾಗಿಲ್ಲ.

ಕೆಡಿಎಂ: ಶುದ್ಧತೆ ಅಲ್ಲ, ಕೈಕೆಲಸದ ಗುರುತು

ಮಾಡಿದವರ ಬಗ್ಗೆ ನಿಜವಾಗಿ ಏನಾದರೂ ಹೇಳುವ ಒಂದು ಮುದ್ರೆ ಇದೆ. ಅದನ್ನೇ ಜನ ತಪ್ಪಾಗಿ ಓದುತ್ತಾರೆ. ಹಳೇ ಸರದ ಮೇಲೆ KDM ಅಂತ ಇದ್ದರೆ "ಒಳ್ಳೇ ಚಿನ್ನ" ಅನ್ನುವುದು ನಮ್ಮ ಕಡೆ ರೂಢಿ.

ಚಿನ್ನದ ತುಂಡುಗಳನ್ನು ಜೋಡಿಸಲು ಬೆಸುಗೆ ಬೇಕು. ಬೆಸುಗೆ ಒಡವೆಗಿಂತ ಬೇಗ ಕರಗಬೇಕು, ಇಲ್ಲದಿದ್ದರೆ ಒಡವೆಯೇ ಕರಗಿಹೋಗುತ್ತದೆ. ಅದಕ್ಕೆ ಹಿಂದೆ ಚಿನ್ನಕ್ಕೆ ತಾಮ್ರದಂಥ ಲೋಹ ಜಾಸ್ತಿ ಬೆರೆಸುತ್ತಿದ್ದರು. ಅದರಿಂದ ಜೋಡಣೆ ಇದ್ದಲ್ಲೆಲ್ಲ ಶುದ್ಧತೆ ಇಳಿಯುತ್ತಿತ್ತು. ಒಡವೆ ಕರಗಿಸಿದಾಗ ನಷ್ಟ ತಿಳಿಯುತ್ತಿತ್ತು. ಆಮೇಲೆ ಕ್ಯಾಡ್ಮಿಯಂ ಬಂತು. ನೂರಕ್ಕೆ ಸುಮಾರು 92 ಭಾಗ ಚಿನ್ನ, 8 ಭಾಗ ಕ್ಯಾಡ್ಮಿಯಂ. ಇಷ್ಟು ಚಿನ್ನ ಇದ್ದರೂ ಬೆಸುಗೆ ಬೇಗ ಕರಗುತ್ತದೆ, ಜೋಡಣೆಯೂ ಸುಮಾರು 22 ಕ್ಯಾರೆಟ್ ಆಗೇ ಉಳಿಯುತ್ತದೆ. ಕೆಡಿಎಂ ಅನ್ನುವುದು ಈ ಕ್ಯಾಡ್ಮಿಯಂನಿಂದಲೇ ಬಂದ ಹೆಸರು.

ಅಂದರೆ ಆ ಮುದ್ರೆ ಹೇಳುವುದು ಬೆಸುಗೆ ಯಾವ ಬಗೆಯದ್ದು ಅನ್ನುವುದನ್ನು ಮಾತ್ರ. ಇಡೀ ಸರ ಎಷ್ಟು ಕ್ಯಾರೆಟ್ ಅಂತ ಯಾರೂ ಪರೀಕ್ಷೆ ಮಾಡಿ ಹಾಕಿದ್ದಲ್ಲ. ಇನ್ನೊಂದು ವಿಷಯವನ್ನೂ ಅದು ಹೇಳುತ್ತದೆ. ಕ್ಯಾಡ್ಮಿಯಂ ಕಾಯಿಸಿದಾಗ ಏಳುವ ಹೊಗೆ ವಿಷ. ಉರಿಯ ಮುಂದೆ ಬಗ್ಗಿ ಊದುತ್ತಿದ್ದ ಅಕ್ಕಸಾಲಿಗರ ಶ್ವಾಸಕೋಶ, ಮೂತ್ರಪಿಂಡಕ್ಕೆ ಅದು ನೇರವಾಗಿ ಹೋಗುತ್ತಿತ್ತು. ಆ ಕಾರಣಕ್ಕೇ ಈ ಬೆಸುಗೆ ಬಿಟ್ಟು ಸತು ಮತ್ತು ಬೇರೆ ಲೋಹಗಳ ಬೆಸುಗೆಗೆ ಬಂದರು. ಇಂದಿನ ಅಂಗಡಿಯಲ್ಲಿ ಯಾರಾದರೂ "ಇದು ಕೆಡಿಎಂ" ಅಂತ ಹೆಮ್ಮೆಯಿಂದ ಮಾರಿದರೆ ತ್ರಿಕೋನ ಮತ್ತು ಎಚ್‌ಯುಐಡಿ ಎಲ್ಲಿ ಅಂತ ಕೇಳಬೇಕು. 916 KDM ಅಂತ ಇದ್ದು ತ್ರಿಕೋನ ಇಲ್ಲದಿದ್ದರೆ ಅದು ಅಂಗಡಿಯವರ ಮಾತು ಅಷ್ಟೇ, ಪರೀಕ್ಷೆಯ ಮಾತಲ್ಲ.

ಫೋಟೋ ಎಲ್ಲಿ ಕೈಕೊಡುತ್ತದೆ

ಸರದಲ್ಲಿ ಮುದ್ರೆಗೆ ಜಾಗ ಇರುವುದು ಬಹುತೇಕ ಕೊಂಡಿಯ ಹತ್ತಿರದ ಚಪ್ಪಟೆ ಭಾಗದಲ್ಲಿ ಮಾತ್ರ. ಸರದಲ್ಲಿ ಮೊದಲು ಸವೆಯುವುದೂ ಅದೇ ಕೊಂಡಿ. ರಿಪೇರಿಗೆ ಕೊಟ್ಟಾಗ ಕೊಂಡಿ ಬದಲಾದರೆ ಮುದ್ರೆಯೂ ಹೋಗುತ್ತದೆ, ಸರ ಮಾತ್ರ ಅಪ್ಪಟವೇ ಇರುತ್ತದೆ. ಇದರ ಉಲ್ಟಾ ಕೂಡ ಆಗಬಹುದು. 916 ಮುದ್ರೆಯ ಕೊಂಡಿಯನ್ನು ಕಡಿಮೆ ಶುದ್ಧತೆಯ ಸರಕ್ಕೆ ಬೆಸೆದರೆ ಫೋಟೋದಲ್ಲಿ ಎಲ್ಲವೂ ಸರಿಯಾಗೇ ಕಾಣುತ್ತದೆ. ಕೊಂಡಿ ಕೂಡುವ ಜಾಗದಲ್ಲಿ ಹೊಸ ಬೆಸುಗೆಯ ಉಂಡೆ, ಕೊಂಡಿಗೂ ಸರಕ್ಕೂ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಕಂಡರೆ ಅಲ್ಲಿ ನಿಂತು ನೋಡಬೇಕು.

ಎರಡನೇ ತೊಂದರೆ ನಕಲು. ಅಸಲಿ ಒಡವೆಯ ಆರು ಅಕ್ಷರವನ್ನು ಫೋಟೋದಿಂದ ಓದಿ ಇನ್ನೊಂದು ಒಡವೆ ಮೇಲೆ ಕೊರೆಯುವುದಕ್ಕೆ ಒಂದು ಲೇಸರ್ ಯಂತ್ರ ಸಾಕು. ಆ್ಯಪ್ ಅದಕ್ಕೂ ಸರಿಯಾದ ದಾಖಲೆಯನ್ನೇ ತೋರಿಸುತ್ತದೆ, ಯಾಕಂದರೆ ಅದು ನೋಡುವುದು ಅಕ್ಷರವನ್ನು, ಚಿನ್ನವನ್ನಲ್ಲ. ಇಲ್ಲಿ ಸಿಕ್ಕಿಬೀಳುವುದು ಒಡವೆಯ ಬಗೆಯಲ್ಲಿ. ದಾಖಲೆಯಲ್ಲಿ ಉಂಗುರ ಅಂತ ಇದ್ದು ಕೈಯಲ್ಲಿ ಸರ ಇದ್ದರೆ ಮಾತು ಮುಗಿಯಿತು. ಹೆಸರು ಬೇರೆ ಬಂದದ್ದಕ್ಕಿಂತ ಬಗೆ ಬೇರೆ ಬಂದದ್ದು ನೂರು ಪಟ್ಟು ಗಂಭೀರ. ಇದೇ ಕಾರಣಕ್ಕೆ ಎಚ್‌ಯುಐಡಿ ಸ್ಪಷ್ಟವಾಗಿ ಕಾಣುವ ಫೋಟೋವನ್ನು ದೊಡ್ಡ ಗುಂಪುಗಳಿಗೆ ಹಾಕದಿರುವುದು ಒಳ್ಳೆಯದು.

ಅನುಮಾನ ಉಳಿದರೆ ದಾರಿ ಒಂದೇ, ಬಿಐಎಸ್ ಮಾನ್ಯತೆ ಇರುವ ಹಾಲ್‌ಮಾರ್ಕ್ ಕೇಂದ್ರದಲ್ಲಿ ಪರೀಕ್ಷೆ. ಗ್ರಾಹಕರೇ ನೇರವಾಗಿ ಹೋಗಬಹುದು. ಅಂಗಡಿಗಳಲ್ಲಿ ಇಡುವ ಎಕ್ಸ್‌ಆರ್‌ಎಫ್ ಯಂತ್ರ ಒಂದೆರಡು ನಿಮಿಷದಲ್ಲಿ ಅಂಕಿ ತೋರಿಸುತ್ತದೆ, ಆದರೆ ಅದಕ್ಕೆ ಕಾಣುವುದು ಮೇಲ್ಪದರ ಮಾತ್ರ. ಮೇಲೆ ದಪ್ಪ ಲೇಪ ಇದ್ದರೆ ಅದು ಮೋಸಹೋಗುತ್ತದೆ. ಕೊನೇ ಮಾತು ಬೆಂಕಿಯ ಪರೀಕ್ಷೆಯದ್ದು. ಒಡವೆಯಿಂದ ಸ್ವಲ್ಪ ಚಿನ್ನ ಕೆರೆದು ತೂಗುತ್ತಾರೆ. ಅದಕ್ಕೆ ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ, ಸಾವಿರ ಡಿಗ್ರಿ ದಾಟಿದ ಕುಲುಮೆಯಲ್ಲಿ ಸಣ್ಣ ಬಟ್ಟಲಿನಲ್ಲಿ ಇಡುತ್ತಾರೆ. ಕರಗಿದ ಸೀಸ ತಾಮ್ರದಂಥ ಬೆರಕೆಯನ್ನೆಲ್ಲ ಎಳೆದುಕೊಂಡು ಬಟ್ಟಲಿನೊಳಗೆ ಇಂಗಿಹೋಗುತ್ತದೆ. ಚಿನ್ನ ಮತ್ತು ಬೆಳ್ಳಿಯ ಒಂದು ಹನಿ ಉಳಿಯುತ್ತದೆ. ಅದನ್ನು ತಟ್ಟಿ ತಗಡು ಮಾಡಿ ನೈಟ್ರಿಕ್ ಆಮ್ಲದಲ್ಲಿ ಹಾಕಿದರೆ ಬೆಳ್ಳಿ ಕರಗಿ ಅಪ್ಪಟ ಚಿನ್ನ ಮಾತ್ರ ನಿಲ್ಲುತ್ತದೆ. ಮತ್ತೆ ತೂಗಿದರೆ ಸಾವಿರಕ್ಕೆ ಎಷ್ಟು ಅಂತ ಸಿಗುತ್ತದೆ.

ನಮ್ಮ 20 ಗ್ರಾಂ ಸರಕ್ಕೆ 916ರ ಬದಲು 880 ಬಂತು ಅಂತಿಟ್ಟುಕೊಳ್ಳಿ. ಸಾವಿರಕ್ಕೆ 36 ಕೊರತೆ. 20 ಗ್ರಾಂಗೆ 0.72 ಗ್ರಾಂ ಅಪ್ಪಟ ಚಿನ್ನ ಕಡಿಮೆ. ಲೆಕ್ಕ ಸುಲಭವಾಗಲಿ ಅಂತ ಗ್ರಾಂಗೆ 10,000 ರೂಪಾಯಿ ಹಿಡಿದರೆ ಕೊರತೆ 7,200 ರೂಪಾಯಿ. 2018ರ ಬಿಐಎಸ್ ನಿಯಮದ ಪ್ರಕಾರ ಪರಿಹಾರ ಈ ಕೊರತೆಯ ಎರಡು ಪಟ್ಟು, ಅಂದರೆ 14,400 ರೂಪಾಯಿ. ಅದರ ಜೊತೆಗೆ ಪರೀಕ್ಷೆಯ ಖರ್ಚೂ ಸಿಗಬೇಕು.

ಯಾರ ವಾದ ಏನು?

ಎಚ್‌ಯುಐಡಿ ಬಂದ ಎರಡೇ ತಿಂಗಳಲ್ಲಿ, 2021ರ ಆಗಸ್ಟ್ 23ರಂದು, ದೇಶದ ಹಲವು ಕಡೆ ಜ್ಯುವೆಲರ್‌ಗಳು ಒಂದು ದಿನ ಅಂಗಡಿ ಮುಚ್ಚಿದ್ದರು. ಒಂದೊಂದು ಒಡವೆಗೂ ಬೇರೆ ದಾಖಲೆ ಮಾಡಿಸುವುದರಿಂದ ಮಾಲು ಕೇಂದ್ರದಲ್ಲೇ ದಿನಗಟ್ಟಲೆ ನಿಲ್ಲುತ್ತದೆ, ಇದರಿಂದ ಶುದ್ಧತೆ ಏನೂ ಹೆಚ್ಚುವುದಿಲ್ಲ ಅನ್ನುವುದು ಅವರ ಮಾತು. ಸರ್ಕಾರದ ಉತ್ತರ ಬೇರೆ. ಒಡವೆಯಲ್ಲಿ ಕೊರತೆ ಸಿಕ್ಕರೆ ಯಾರನ್ನು ಹಿಡಿಯಬೇಕು ಅಂತ ತಿಳಿಯಲು ಒಂದೊಂದಕ್ಕೂ ಗುರುತು ಬೇಕು ಅನ್ನುವುದು ಅದರ ನಿಲುವು. ಮೊದಲನೆಯ ಮಾತು ಕೆಲಸದ ಕಷ್ಟದ್ದು, ಎರಡನೆಯದು ಹೊಣೆಯದ್ದು. ಗ್ರಾಹಕರ ಕಡೆಯಿಂದ ನೋಡಿದರೆ ಹೊಣೆಯ ಮಾತೇ ಗಟ್ಟಿ.

ಈ ಜಗಳದಲ್ಲಿ ದನಿ ಕೇಳದವರು ಅಕ್ಕಸಾಲಿಗರು. ವರ್ಷದ ವಹಿವಾಟು 40 ಲಕ್ಷ ರೂಪಾಯಿಗಿಂತ ಕಡಿಮೆ ಇರುವವರಿಗೆ ಹಾಲ್‌ಮಾರ್ಕ್ ಕಡ್ಡಾಯದಿಂದ ವಿನಾಯಿತಿ ಇದೆ. ಕೇಳಲು ಇದು ಅನುಕೂಲ. ಆದರೆ ಫೋಟೋದಲ್ಲಿ ತ್ರಿಕೋನ ಹುಡುಕಲು ಕಲಿತ ಗ್ರಾಹಕರು ಮುದ್ರೆ ಇಲ್ಲದ ಒಡವೆ ಬೇಡ ಅನ್ನುತ್ತಾರೆ. ಮುದ್ರೆ ಬೇಕು ಅಂದರೆ, ತಾವೇ ನೋಂದಣಿ ಮಾಡಿಸಿಕೊಳ್ಳದಿದ್ದರೆ, ನೋಂದಣಿ ಇರುವ ಅಂಗಡಿಯ ಮೂಲಕವೇ ಕಳಿಸಬೇಕು. ಆಗ ದಾಖಲೆಯಲ್ಲಿ ಬರುವುದು ಅಂಗಡಿಯ ಹೆಸರು. ಒಂದು ಕಾಲಕ್ಕೆ ಮನೆಯವರು ನಂಬುತ್ತಿದ್ದದ್ದು ಆಚಾರರ ಕೈಯನ್ನು, ಅವರ ಒರೆಗಲ್ಲನ್ನು. ಬೋರಮಾಳ ಮಾಡಿಸಬೇಕು ಅಂದರೆ ಯಾರ ಹತ್ತಿರ ಹೋಗಬೇಕು ಅಂತ ಮನೆಗೆ ಗೊತ್ತಿತ್ತು. ಈಗ ಆ ಕೈ ದಾಖಲೆಯಿಂದ ಹೊರಗೇ ಉಳಿದಿದೆ.

ಬೇರೆ ಕಡೆ ಹೀಗೇ ಇರಬೇಕಾಗಿಲ್ಲ ಅನ್ನುವುದಕ್ಕೆ ಇಟಲಿಯ ಒಡವೆ ಸಾಕ್ಷಿ. ಅಲ್ಲಿ 750ರ ಪಕ್ಕದಲ್ಲಿ ತಯಾರಕರ ಸಂಖ್ಯೆ ಮತ್ತು ಜಿಲ್ಲೆಯ ಎರಡಕ್ಷರ ಇರುತ್ತದೆ. AR ಅಂತ ಕಂಡರೆ ಅರೆಝೋ ಪಟ್ಟಣದ ಕಡೆಯ ಮಾಲು. ಗಲ್ಫ್‌ನಿಂದ ಬಂದವರ ಪೆಟ್ಟಿಗೆಯಲ್ಲಿ 875 ಅಂತ ಇರುವ ಒಡವೆ ಸಿಗುತ್ತದೆ. ಅದು 21 ಕ್ಯಾರೆಟ್. ನಮ್ಮ ಈಗಿನ ಹಾಲ್‌ಮಾರ್ಕ್ ಪಟ್ಟಿಯಲ್ಲಿ 21 ಇಲ್ಲ, ಹಾಗಂತ ಅದು ನಕಲಿ ಅಲ್ಲ.

ನಮ್ಮ ದಾಖಲೆಯಲ್ಲೂ ಜ್ಯುವೆಲರ್ ಹೆಸರಿನ ಕೆಳಗೆ 'ಮಾಡಿದವರು' ಅಂತ ಒಂದು ಸಾಲು ಸೇರಿಸಲು ಹೊಸ ಯಂತ್ರವೇನೂ ಬೇಡ. ಒಡವೆಯನ್ನು ಕೇಂದ್ರಕ್ಕೆ ಕೊಡುವಾಗ ಅಂಗಡಿಯವರು ಹೇಗೂ ಆನ್‌ಲೈನ್‌ನಲ್ಲಿ ಅರ್ಜಿ ತುಂಬುತ್ತಾರೆ. ಅಲ್ಲೇ ಆ ಹೆಸರನ್ನೂ ತುಂಬಬಹುದು. ಹೋಲ್‌ಸೇಲ್ ವ್ಯಾಪಾರಿಗಳು ಇದನ್ನು ಇಷ್ಟಪಡಲಿಕ್ಕಿಲ್ಲ, ಗ್ರಾಹಕರು ನೇರವಾಗಿ ಕುಶಲಕರ್ಮಿಯ ಹತ್ತಿರ ಹೋಗಿಬಿಡುತ್ತಾರೆ ಅನ್ನುವ ಅಂಜಿಕೆ ಅವರಿಗೆ ಇದ್ದೇ ಇರುತ್ತದೆ. ಆದರೆ ಬೆಂಗಳೂರಿನ ಹೆಸರು ನೋಡಿ ಗಾಬರಿಯಾದ ಆ ದಾವಣಗೆರೆಯ ಮನೆಯವರಿಗೆ, ಸರ ತಮ್ಮ ಪಕ್ಕದ ಬೀದಿಯಲ್ಲೇ ತಯಾರಾಗಿದ್ದರೆ, ಅದು ಆಗ ತಿಳಿಯುತ್ತಿತ್ತು.